ಪಿಡಿಎಫ್‌ನಲ್ಲಿ 127, ಪ್ರಿಂಟ್‌ನಲ್ಲಿ 123, ಇರಬೇಕಾಗಿದ್ದು 122: ಒಂದು 30x40 ಪ್ಲಾನ್‌ನ ಕಥೆ

ಪ್ರಶ್ನೆ: ಸರ್, ನಾನು ಮಂಡ್ಯದವನು, ಡಿಪ್ಲೊಮಾ ಸಿವಿಲ್ ಮುಗಿಸಿ ಮನೆ ಪ್ಲಾನ್ ಮಾಡಿಕೊಡ್ತಾ ಇದೀನಿ. 30x40 ಸೈಟ್ ಪ್ಲಾನ್ ಒಂದನ್ನ ಅಡಿ-ಇಂಚಲ್ಲಿ ಆಟೋಕ್ಯಾಡ್‌ನಲ್ಲಿ ಬರೆದಿದೀನಿ, ಎ3 ಶೀಟ್, ಸುತ್ತ 10 ಮಿ.ಮೀ ಬಿಟ್ಟು ಬಾರ್ಡರ್ ಇದೆ, ಸ್ಕೇಲ್ 1:100 ಅಂತ ಟೈಟಲ್ ಬ್ಲಾಕ್‌ನಲ್ಲಿ ಬರೆದಿದೀನಿ. 40 ಅಡಿ ಬದಿ ಪಿಡಿಎಫ್‌ನಲ್ಲಿ ಅಳೆದ್ರೆ 127 ಮಿ.ಮೀ, ಪ್ರಿಂಟ್ ಮೇಲೆ ಸ್ಕೇಲ್ ಇಟ್ರೆ 123. `monochrome.ctb` ಹಾಕಿದ್ರೂ ಸೋಫಾ, ಕಾರು, ಗಿಡ ಎಲ್ಲ ಕಲರಲ್ಲೇ ಬರ್ತಾವೆ, ಗೋಡೆಗೂ ಡೈಮೆನ್ಷನ್‌ಗೂ ಒಂದೇ ದಪ್ಪ. ಫ್ರೆಂಡ್ ಒಬ್ಬ ಸಿಟಿಬಿ ಬದ್ಲು ಎಸ್‌ಟಿಬಿ ಹಾಕು ಎಲ್ಲ ಸರಿ ಹೋಗುತ್ತೆ ಅಂದ. ಒಂದು ಸೆಟ್ ಆಗ್ಲೇ ಮೇಸ್ತ್ರಿ ಕೈಗೆ ಕೊಟ್ಟಾಗಿದೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಸ್ಕೇಲ್ ನೋಡೋಣ, ಕಲರ್ ಆಮೇಲೆ. ಯಾಕಂದ್ರೆ ಸೋಫಾ ಕೆಂಪಗೆ ಬಂದ್ರೆ ನೋಡಿದ ತಕ್ಷಣ ಗೊತ್ತಾಗುತ್ತೆ, ಸ್ಕೇಲ್ ತಪ್ಪಿದ್ರೆ ಯಾರಾದ್ರೂ ಸ್ಕೇಲ್ ಪಟ್ಟಿ ಇಟ್ಟು ಅಳೆಯೋವರೆಗೂ ಯಾರಿಗೂ ಗೊತ್ತಾಗಲ್ಲ. ಇನ್ನೊಂದು, ಸಿಟಿಬಿಗೂ ಸ್ಕೇಲ್‌ಗೂ ಸಂಬಂಧನೇ ಇಲ್ಲ. ಸಿಟಿಬಿ, ಎಸ್‌ಟಿಬಿ ಎರಡೂ ಪ್ಲಾಟ್ ಸ್ಟೈಲ್ ಟೇಬಲ್‌ಗಳೇ, ಗೆರೆ ಯಾವ ಬಣ್ಣದಲ್ಲಿ, ಎಷ್ಟು ದಪ್ಪಕ್ಕೆ, ಎಷ್ಟು ಮಸುಕಾಗಿ ಬರಬೇಕು ಅಂತ ಹೇಳ್ತಾವೆ ಅಷ್ಟೇ, ಗೆರೆ ಎಷ್ಟು ಉದ್ದ ಬರಬೇಕು ಅನ್ನೋದು ಅವುಗಳ ಕೆಲಸ ಅಲ್ಲ. ಹಾಗಾಗಿ ಸಿಟಿಬಿ ತೆಗೆದು ಎಸ್‌ಟಿಬಿ ಹಾಕಿದ್ರೂ ನಿಮ್ಮ 127 ಅಲ್ಲೇ ಇರುತ್ತೆ.

ನೀವು ಕೊಟ್ಟಿರೋ ಎರಡು ನಂಬರ್ ತುಂಬಾ ಹೇಳ್ತಾವೆ. 40 ಅಡಿ ಅಂದ್ರೆ 12,192 ಮಿ.ಮೀ. 1:100ಕ್ಕೆ ಪೇಪರ್ ಮೇಲೆ 121.92 ಬರಬೇಕು, ಅಂದ್ರೆ 122 ಅಂತಿಟ್ಕೊಳ್ಳಿ. ನಿಮಗೆ ಪಿಡಿಎಫ್‌ನಲ್ಲಿ 127 ಬಂದಿದೆ. 12,192ನ್ನ 127ರಿಂದ ಭಾಗಿಸಿ ನೋಡಿ, ಸರಿಯಾಗಿ 96 ಬರುತ್ತೆ. ಈ 96 ಎಲ್ಲಿಂದ ಬಂತು ಅಂದ್ರೆ ನೀವು ವ್ಯೂಪೋರ್ಟ್‌ಗೆ `1/8" = 1'-0"` ಕೊಟ್ಟಿದೀರಾ. ನಮ್ಮ ಕಡೆ ಹಳೇ ಡ್ರಾಫ್ಟ್ಸ್‌ಮನ್‌ಗಳು ಒಂದು ಇಂಚಿಗೆ ಎಂಟು ಅಡಿ ಅಂತಾರಲ್ಲ ಅದೇ ಸ್ಕೇಲು, ಎಂಟು ಅಡಿ ಅಂದ್ರೆ 96 ಇಂಚು, ಅಂದ್ರೆ 1:96. ಅಡಿ ಲೆಕ್ಕದಲ್ಲಿ ಒಂದಕ್ಕೆ ಎಂಟು, ಮೀಟರ್ ಲೆಕ್ಕದಲ್ಲಿ ಒಂದಕ್ಕೆ ನೂರು, ಎರಡೂ ಒಂದೇ ಅಂತ ಬಾಯಿಂದ ಬಾಯಿಗೆ ಬಂದಿರೋ ಮಾತು ಒಂದಿದೆ, ಅದು ನಿಜ ಅಲ್ಲ, ಹತ್ತಿರತ್ತಿರ ಅಷ್ಟೇ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಆದ್ರೆ ಆ ಶೀಟ್ ಮೇಲೆ 1:100 ಪಟ್ಟಿ ಇಟ್ಟು ಓದಿದವರಿಗೆ 40 ಅಡಿ ಸೈಟು 41 ಅಡಿ 8 ಇಂಚು ಅಂತ ಕಾಣುತ್ತೆ, 3 ಅಡಿ ಸೆಟ್‌ಬ್ಯಾಕು 3 ಅಡಿ ಒಂದೂವರೆ ಇಂಚು ಅಂತ ಕಾಣುತ್ತೆ.

ಈಗ ಪ್ರಿಂಟ್‌ಗೆ ಬನ್ನಿ. 127 ಇದ್ದಿದ್ದು 123 ಆಗಿದೆ, ಅಂದ್ರೆ ಸುಮಾರು 97 ಪರ್ಸೆಂಟ್‌ಗೆ ಇಳಿದಿದೆ. ಇದು ಆಟೋಕ್ಯಾಡ್ ಮಾಡಿದ್ದಲ್ಲ, ಪ್ರಿಂಟ್ ಅಂಗಡಿಯಲ್ಲಿ ಪಿಡಿಎಫ್ ಓಪನ್ ಮಾಡಿ ಹಂಗೇ ಪ್ರಿಂಟ್ ಒತ್ತಿದಾಗ `Fit` ಅನ್ನೋ ಆಯ್ಕೆ ಇತ್ತು, ಪ್ರಿಂಟರ್‌ಗೆ ಪೇಪರ್ ಅಂಚಲ್ಲಿ ನಾಲ್ಕೈದು ಮಿ.ಮೀ ಪ್ರಿಂಟ್ ಮಾಡೋಕೆ ಆಗಲ್ಲ, ಅದಕ್ಕೆ ಪೂರ್ತಿ ಪುಟನೇ ಒಳಗೆ ಕುಗ್ಗಿಸಿಬಿಟ್ಟಿದೆ. ನಂಬಿಕೆ ಇಲ್ಲ ಅಂದ್ರೆ ನಿಮ್ಮ ಬಾರ್ಡರ್ ಅಳೀರಿ. ಎ3 420 ಮಿ.ಮೀ ಉದ್ದ, ಎರಡೂ ಕಡೆ 10 ಬಿಟ್ರೆ ಬಾರ್ಡರ್ 400 ಇರಬೇಕು. ಪಿಡಿಎಫ್‌ನಲ್ಲಿ 400 ಇರುತ್ತೆ, ಪ್ರಿಂಟ್‌ನಲ್ಲಿ 387-388 ಬರುತ್ತೆ.

ಈ ಬಾರ್ಡರ್ ಅಳೆಯೋ ಪದ್ಧತಿ ರೂಢಿ ಮಾಡ್ಕೊಳ್ಳಿ, ಯಾವ ಶೀಟ್ ಬಂದ್ರೂ ನಾನು ಮೊದ್ಲು ನೋಡೋದು ಅದನ್ನೇ. ಬಾರ್ಡರ್ ಪೇಪರ್ ಸ್ಪೇಸ್‌ನಲ್ಲಿದೆ, ವ್ಯೂಪೋರ್ಟ್ ಸ್ಕೇಲ್ ಅದನ್ನ ಮುಟ್ಟಲ್ಲ. ಗೋಡೆ ವ್ಯೂಪೋರ್ಟ್ ಒಳಗಿದೆ. ಬಾರ್ಡರ್ ಸರಿ ಇದ್ದು ಗೋಡೆ ತಪ್ಪಿದ್ರೆ ತಪ್ಪು ವ್ಯೂಪೋರ್ಟ್‌ನಲ್ಲಿ, ಬಾರ್ಡರೇ ತಪ್ಪಿದ್ರೆ ತಪ್ಪು ಪ್ಲಾಟ್ ಡೈಲಾಗ್‌ನಲ್ಲೋ ಪ್ರಿಂಟರ್‌ನಲ್ಲೋ. ನಿಮ್ಮದರಲ್ಲಿ ಎರಡೂ ಇದೆ, ಒಂದು ಹಿಗ್ಗಿಸಿದೆ ಇನ್ನೊಂದು ಕುಗ್ಗಿಸಿದೆ, ಅದಕ್ಕೇ 123 ಅಂತ ಬಂದು ಒಂದು ಮಿ.ಮೀ ತಾನೇ ಅನ್ನೋ ಹಂಗೆ ಆಗಿದೆ. ಇಲ್ಲೇ ಅಪಾಯ ಇರೋದು. ಅಂಗಡಿಯವನು ನಾಳೆ ಸರಿಯಾಗಿ ಪ್ರಿಂಟ್ ತೆಗೆದ್ರೆ ನಿಮ್ಮ ಶೀಟ್ ಇನ್ನೂ ತಪ್ಪಾಗುತ್ತೆ, 127 ಬರುತ್ತೆ. ನೀವು ವ್ಯೂಪೋರ್ಟ್ ಮಾತ್ರ ಸರಿ ಮಾಡಿ ಅವನು ಹಳೇ ತರನೇ ತೆಗೆದ್ರೆ 118 ಬರುತ್ತೆ, ಅಂದ್ರೆ ಓದಿದವನಿಗೆ ಸೈಟು 38 ಅಡಿ 9 ಇಂಚು. ಎರಡನ್ನೂ ಸರಿ ಮಾಡ್ಲೇಬೇಕು, ಒಂದು ಸಾಲದು.

ವ್ಯೂಪೋರ್ಟ್ ಸರಿ ಮಾಡೋದು ಸುಲಭ. ನಿಮ್ಮ ಲೇಔಟ್ ಇಂಚಿನಲ್ಲೇ ಇದೆ ಅಂತ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಮಿ.ಮೀ ಲೇಔಟ್ ಆಗಿದ್ರೆ ಆ ಸ್ಕೇಲ್‌ಗೆ 40 ಅಡಿ ಬರೀ 5 ಮಿ.ಮೀ ಉದ್ದ ಬರ್ತಿತ್ತು, ಮನೆ ಪೂರ್ತಿ ಹೆಬ್ಬೆರಳ ಉಗುರಿಗಿಂತ ಚಿಕ್ಕದಾಗಿ ಕೂತಿರೋದು, ನೀವು ಆಗ್ಲೇ ಕೂಗಾಡ್ತಿದ್ರಿ. ಇಂಚಿನ ಲೇಔಟ್‌ನಲ್ಲಿ ವ್ಯೂಪೋರ್ಟ್ ಸೆಲೆಕ್ಟ್ ಮಾಡಿ, ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಸ್ಕೇಲ್ ಪಟ್ಟಿಯಿಂದ `1:100` ಆರಿಸಿ, ಅಷ್ಟೇಯ. 480 ಇಂಚು ನೂರರಿಂದ ಭಾಗಿಸಿದ್ರೆ 4.8 ಇಂಚು, ಅದು 121.92 ಮಿ.ಮೀ. ಆಮೇಲೆ ಪಕ್ಕದಲ್ಲಿರೋ ಬೀಗದ ಗುರುತು ಒತ್ತಿ ಲಾಕ್ ಮಾಡಿಬಿಡಿ. ಲಾಕ್ ಮಾಡದೆ ವ್ಯೂಪೋರ್ಟ್ ಒಳಗೆ ಹೋಗಿ ಮೌಸ್ ಚಕ್ರ ಒಂಚೂರು ತಿರುಗಿಸಿದ್ರೂ ಸ್ಕೇಲ್ 1:100 ಇದ್ದಿದ್ದು ಇನ್ನೇನೋ ಆಗಿರುತ್ತೆ, ಟೈಟಲ್ ಬ್ಲಾಕ್ ಮಾತ್ರ 1:100 ಅಂತನೇ ಹೇಳ್ತಾ ಇರುತ್ತೆ.

ಇಲ್ಲೊಂದು ಎಚ್ಚರ. ನಿಮ್ಮ ಡೈಮೆನ್ಷನ್‌ಗಳು ಅನೊಟೇಟಿವ್ ಆಗಿದ್ರೆ ಸ್ಕೇಲ್ ಬದಲಾಯಿಸಿದ ತಕ್ಷಣ ಲೇಔಟ್‌ನಲ್ಲಿ ಎಲ್ಲ ಮಾಯ ಆಗಬಹುದು, ಗಾಬರಿ ಬಿದ್ದು ಅನ್‌ಡೂ ಒತ್ತಬೇಡಿ. ಅವಕ್ಕೆ ಹಳೇ ಸ್ಕೇಲ್ ಒಂದೇ ಗೊತ್ತು, 1:100 ಗೊತ್ತಿಲ್ಲ, ಅದಕ್ಕೆ ತೋರಿಸ್ತಾ ಇಲ್ಲ. ಮಾಡೆಲ್ ಸ್ಪೇಸ್‌ಗೆ ಹೋಗಿ ಆ ಡೈಮೆನ್ಷನ್, ಟೆಕ್ಸ್ಟ್ ಎಲ್ಲ ಸೆಲೆಕ್ಟ್ ಮಾಡಿ `OBJECTSCALE` ಕೊಟ್ಟು 1:100 ಸೇರಿಸಿ, ವಾಪಸ್ ಬರ್ತಾವೆ. ಅನೊಟೇಟಿವ್ ಅಲ್ಲದೆ ಸಾದಾ ಇದ್ರೆ ಈ ತಾಪತ್ರಯ ಇಲ್ಲ, ಅಕ್ಷರ ನಾಲ್ಕು ಪರ್ಸೆಂಟ್ ಸಣ್ಣ ಆಗುತ್ತೆ, ಯಾರಿಗೂ ಗೊತ್ತಾಗಲ್ಲ.

ಮುಂದೆ ಯಾವತ್ತಾದ್ರೂ ಯಾವುದೋ ಆಫೀಸಿನ ರೆಡಿ ಟೈಟಲ್ ಬ್ಲಾಕ್ ಸಿಗುತ್ತೆ, ಅದು ಮಿ.ಮೀನಲ್ಲಿ ಇರುತ್ತೆ, ನಿಮ್ಮ ಪ್ಲಾನ್ ಇಂಚಲ್ಲಿ ಇರುತ್ತೆ. ಆಗ ಪಟ್ಟಿಯಲ್ಲಿರೋ `1:100` ಆರಿಸಿದ್ರೆ ಮನೆ ಮತ್ತೆ 4.8 ಮಿ.ಮೀ ಚುಕ್ಕೆ ಆಗುತ್ತೆ. ಇಲ್ಲೇ ಬಹಳ ಜನ ಬೇಸತ್ತು ಕೈಲಿ ಝೂಮ್ ಮಾಡಿ ಒಂದು ಅಂದಾಜಿಗೆ ತಂದು ಬಿಟ್ಟುಬಿಡ್ತಾರೆ. ಲೆಕ್ಕ ಸುಲಭ ಇದೆ, ಒಂದು ಇಂಚಿಗೆ 25.4 ಮಿ.ಮೀ, ನೂರರಿಂದ ಭಾಗಿಸಿದ್ರೆ 0.254. ವ್ಯೂಪೋರ್ಟ್ ಒಳಗೆ ಡಬಲ್ ಕ್ಲಿಕ್ ಮಾಡಿ ಹೋಗಿ ಹೀಗೆ ಕೊಡಿ:

```
ZOOM
0.254xp
```

480 ಇಂಟು 0.254, ಮತ್ತೆ ಅದೇ 121.92. ಪದೇಪದೇ ಬೇಕಾಗುತ್ತೆ ಅಂದ್ರೆ `SCALELISTEDIT` ನಲ್ಲಿ ಒಂದು ಹೊಸ ಸ್ಕೇಲ್ ಸೇರಿಸಿ, ಪೇಪರ್ ಯೂನಿಟ್ 25.4, ಡ್ರಾಯಿಂಗ್ ಯೂನಿಟ್ 100 ಅಂತ, ಹೆಸರು ನಿಮಗೆ ಅರ್ಥ ಆಗೋ ಹಂಗೆ ಇಟ್ಕೊಳ್ಳಿ. ಇದಕ್ಕೆ ಬದಲು ಇಡೀ ಪ್ಲಾನನ್ನೇ 25.4ರಿಂದ ಸ್ಕೇಲ್ ಮಾಡಿ ಮಿ.ಮೀಗೆ ತಂದುಬಿಡೋಣ ಅಂತ ಕೆಲವರು ಹೋಗ್ತಾರೆ, ಅಡಿ-ಇಂಚಿನ ಡೈಮೆನ್ಷನ್ ಇರೋ ಫೈಲ್‌ಗೆ ಅದನ್ನ ಮಾಡಬೇಡಿ, 10 ಅಡಿ ರೂಮು 254 ಅಡಿ ಅಂತ ಬರೆದುಕೊಂಡು ಕೂರುತ್ತೆ.

ಇನ್ನು ಪೇಜ್ ಸೆಟಪ್. ಸ್ಕೇಲ್ ಒಂದೇ ಒಂದು ಕಡೆ ಇರಬೇಕು, ಅದು ವ್ಯೂಪೋರ್ಟ್. ಅಲ್ಲಿಂದ ಆಚೆಗೆ ಎಲ್ಲ ಒಂದಕ್ಕೊಂದು. `PAGESETUP` ಕೊಟ್ಟು ಹೊಸದೊಂದು ಮಾಡಿ, ಪ್ಲಾಟರ್ `DWG To PDF.pc3`, ಪೇಪರ್ `ISO full bleed A3 (420.00 x 297.00 MM)`. ಪಟ್ಟಿಯಲ್ಲಿ ಬರೀ `ISO A3` ಅಂತಾನೂ ಇರುತ್ತೆ, ಅದಕ್ಕೆ ಅಂಚಲ್ಲಿ ಮಾರ್ಜಿನ್ ಇದೆ, ಬಾರ್ಡರ್‌ನ ಒಂದು ಬದಿ ಕತ್ತರಿಸಿ ಹೋಗಬಹುದು, ಹಾಗೆ ಹೋದಾಗಲೇ ಜನ `Fit to paper` ಟಿಕ್ ಮಾಡಿ ಸ್ಕೇಲ್ ಕೆಡಿಸಿಕೊಳ್ಳೋದು. ಫುಲ್ ಬ್ಲೀಡ್‌ಗೆ ಮಾರ್ಜಿನ್ ಇಲ್ಲ, ಪೇಪರ್ ಪೂರ್ತಿ ನಿಮ್ಮದೇ. ಪ್ಲಾಟ್ ಏರಿಯಾ `Layout`, ಆಫ್‌ಸೆಟ್ ಎರಡೂ ಸೊನ್ನೆ, ಸ್ಕೇಲ್ `1:1`. ಇದರ ಕೆಳಗೆ ಒಂದು ಸಣ್ಣ ಡ್ರಾಪ್‌ಡೌನ್ ಇದೆ ನೋಡಿ, `mm` ಅಥವಾ `inches`. ಐಎಸ್ಒ ಪೇಪರ್ ಆರಿಸಿದ ತಕ್ಷಣ ಅದು ತಾನಾಗೇ `mm`ಗೆ ಹೋಗುತ್ತೆ. ನಿಮ್ಮದು ಇಂಚಿನ ಲೇಔಟು, ಅದಕ್ಕೆ ವಾಪಸ್ `inches` ಮಾಡ್ಲೇಬೇಕು, ಮರೆತ್ರೆ ನಿಮ್ಮ ಬಾರ್ಡರ್ ದೊಡ್ಡ ಬಿಳೀ ಹಾಳೆಯ ಒಂದು ಮೂಲೇಲಿ ಸ್ಟಾಂಪ್ ಸೈಜಿಗೆ ಕೂತಿರುತ್ತೆ. ಸೆಟಪ್‌ಗೆ ಒಂದು ಹೆಸರು ಕೊಟ್ಟು ಸೇವ್ ಮಾಡಿದ್ರೆ ಮುಂದಿನ ಶೀಟ್‌ಗಳಿಗೂ ಅದೇ ಆರಿಸಬಹುದು.

ಮಾಡೆಲ್ ಸ್ಪೇಸ್‌ನಿಂದಲೇ `Window` ಕೊಟ್ಟು `Fit to paper`, `Center the plot` ಹಾಕಿ ಪಿಡಿಎಫ್ ತೆಗೆಯೋದು ನಮ್ಮಲ್ಲಿ ಮುಕ್ಕಾಲು ಜನರ ಅಭ್ಯಾಸ. ಕ್ಲೈಂಟ್‌ಗೆ ವಾಟ್ಸಾಪ್‌ನಲ್ಲಿ ತೋರಿಸೋಕೆ ಅದು ಸಾಕು, ತಪ್ಪೇನಿಲ್ಲ, ಆದ್ರೆ ಅದರಲ್ಲಿ ಸ್ಕೇಲ್ ಏನು ಬರುತ್ತೋ ಅದು ನೀವು ಎಳೆದ ಕಿಟಕಿ ಎಷ್ಟು ದೊಡ್ಡದು ಅನ್ನೋದರ ಮೇಲೆ ನಿಂತಿರುತ್ತೆ, 1:100 ಅಂತ ಬರೀಬೇಡಿ, ಸ್ಕೇಲ್ ಇಲ್ಲ ಅಂತ ಬರೀರಿ. ವಿಂಡೋಸ್‌ನಲ್ಲಿರೋ `Microsoft Print to PDF` ಕೂಡ ಡ್ರಾಯಿಂಗ್‌ಗೆ ಬಳಸಬೇಡಿ, ಅದು ಆಫೀಸ್ ಪತ್ರಗಳಿಗೆ ಇರೋದು, ಬೇಕಾದ ಪೇಪರ್ ಸೈಜ್, ಮಾರ್ಜಿನ್ ಅದರಲ್ಲಿ ನಿಮ್ಮ ಹಿಡಿತಕ್ಕೆ ಸಿಗಲ್ಲ.

ಪ್ರಿಂಟ್ ಅಂಗಡಿ ವಿಷಯ. ಪಿಡಿಎಫ್ ಅಂದ್ರೆ ಸ್ಕೇಲ್ ಕೆಡಲ್ಲ ಅನ್ನೋದು ಅರ್ಧ ನಿಜ. ಫೈಲ್ ಒಳಗೆ ಕೆಡಲ್ಲ, ಪೇಪರ್ ಮೇಲೆ ಬರೋವಾಗ ಕೆಡುತ್ತೆ. ಮೈಸೂರಲ್ಲಿ ಸರಸ್ವತಿಪುರಂ ಆಗಲಿ ನಿಮ್ಮ ಮಂಡ್ಯದ ನೂರಡಿ ರಸ್ತೆ ಆಗಲಿ, ಅಂಗಡಿ ಹುಡುಗನಿಗೆ ಬಾಯಲ್ಲಿ ಒಂದು ಮಾತು ಹೇಳಿ, "ಫಿಟ್ ಬೇಡ, ಆಕ್ಚುಯಲ್ ಸೈಜ್ ಹಾಕಪ್ಪ" ಅಂತ. ಅಡೋಬಿ ರೀಡರ್‌ನ ಪ್ರಿಂಟ್ ಡೈಲಾಗ್‌ನಲ್ಲಿ `Fit`, `Actual size`, `Shrink oversized pages` ಅಂತ ಇರುತ್ತೆ, ಮೂರನೇದನ್ನೂ ನಂಬಬೇಡಿ, ಅದೂ ಕುಗ್ಗಿಸುತ್ತೆ. ಆಕ್ಚುಯಲ್ ಸೈಜ್ ಹಾಕಿದ್ರೆ ಅಂಚಿನ ನಾಲ್ಕೈದು ಮಿ.ಮೀ ಪ್ರಿಂಟ್ ಆಗಲ್ಲ, ನಿಮ್ಮ ಬಾರ್ಡರ್ 10 ಮಿ.ಮೀ ಒಳಗಿದೆ, ಏನೂ ಕಳ್ಕೊಳ್ಳಲ್ಲ. ಬಾರ್ಡರನ್ನ 10 ಒಳಗೆ ಇಡೋದೇ ಅದಕ್ಕೆ. ಪೇಪರ್ ಎ3 ಅಂತ ಆರಿಸಿದಾನಾ ಅಂತಾನೂ ನೋಡಿ, ಎ4 ಡೀಫಾಲ್ಟ್ ಇದ್ದು ಆಮೇಲೆ ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಕೊಡ್ತೀನಿ ಅನ್ನೋರೂ ಇದಾರೆ, ಅಲ್ಲಿಗೆ ಮುಗೀತು ಕಥೆ.

ಟೈಟಲ್ ಬ್ಲಾಕ್ ಪಕ್ಕ ಪೇಪರ್ ಸ್ಪೇಸ್‌ನಲ್ಲಿ ಸರಿಯಾಗಿ 100 ಮಿ.ಮೀ ಉದ್ದದ ಒಂದು ಗೆರೆ ಎಳೆದು, ತುದಿಗಳಲ್ಲಿ ಅಡ್ಡಗೆರೆ ಹಾಕಿ, "ಪ್ರಿಂಟ್‌ನಲ್ಲಿ ಇದು 100 ಮಿ.ಮೀ ಇರಬೇಕು" ಅಂತ ಬರೆದಿಡಿ. ಇಂಚಿನ ಲೇಔಟ್‌ನಲ್ಲಿ ಅದರ ಉದ್ದ 3.937. ಅಂಗಡಿಯಲ್ಲೇ ನಿಂತು ಆರಿಂಚಿನ ಸ್ಕೇಲ್ ಇಟ್ಟು ನೋಡಬಹುದು, 97 ಇದ್ರೆ ಕಾಸು ಕೊಡೋಕೆ ಮುಂಚೆನೇ ಇನ್ನೊಂದ್ಸಲ ತೆಗೆಸಬಹುದು. ಅರ್ಧ ಮಿ.ಮೀ ಆಚೀಚೆ ಆದ್ರೆ ತಲೆ ಕೆಡಿಸ್ಕೋಬೇಡಿ, ಪೇಪರ್ ಎಳೆಯೋದ್ರಲ್ಲಿ ಅಷ್ಟು ಆಗುತ್ತೆ.

ಈಗ ಬಣ್ಣ. `monochrome.ctb` ಹಾಕಿದ್ರೆ ಎಲ್ಲ ಕಪ್ಪು ಬರುತ್ತೆ ಅನ್ನೋದು ಎಲ್ಲರೂ ನಂಬಿರೋದು, ಅದು ಪೂರ್ತಿ ನಿಜ ಅಲ್ಲ. ಸಿಟಿಬಿ ಒಳಗೆ 255 ಸಾಲು ಇದೆ, ಆಟೋಕ್ಯಾಡ್‌ನ 1ರಿಂದ 255ರವರೆಗಿನ ಇಂಡೆಕ್ಸ್ ಬಣ್ಣಗಳಿಗೆ ಒಂದೊಂದು ಸಾಲು. ಕೆಂಪು 1, ಹಳದಿ 2, ಹಸಿರು 3, ಹಿಂಗೆ. ಮೊನೊಕ್ರೋಮ್‌ನಲ್ಲಿ ಆ 255ಕ್ಕೂ ಕಪ್ಪು ಅಂತ ಬರೆದಿದೆ. ಆದ್ರೆ ನೀವು ಇಂಟರ್‌ನೆಟ್ಟಿಂದ ಇಳಿಸಿರೋ ಸೋಫಾ, ಕಾರು, ಗಿಡದ ಬ್ಲಾಕ್‌ಗಳಿಗೆ ಅದನ್ನ ಬರೆದೋನು ಟ್ರೂ ಕಲರ್ ಕೊಟ್ಟಿರ್ತಾನೆ. ಒಂದನ್ನ `BEDIT` ನಲ್ಲಿ ತೆಗೆದು ಗೆರೆ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿ, ಕಲರ್ ಜಾಗದಲ್ಲಿ `Red` ಅಂತಾನೋ ಒಂದೇ ನಂಬರೋ ಇರಲ್ಲ, `165,42,42` ಅನ್ನೋ ತರ ಮೂರು ನಂಬರ್ ಇರುತ್ತೆ. ಅದಕ್ಕೆ ಸಿಟಿಬಿಯಲ್ಲಿ ಸಾಲೇ ಇಲ್ಲ, ಹಂಗಾಗಿ ಅದು ತನ್ನ ಬಣ್ಣದಲ್ಲೇ ಪ್ರಿಂಟ್ ಆಗುತ್ತೆ. ಕೆಲವರು ಇದನ್ನ ಬೇಕಂತಲೇ ಬಳಸ್ತಾರೆ, ಕಪ್ಪು ಪ್ಲಾನಲ್ಲಿ ಲಾನ್ ಮಾತ್ರ ಹಸಿರು ಬರಲಿ ಅಂತ, ಅದು ಬೇರೆ ವಿಷಯ.

ನಿಮಗೆ ದಾರಿ `SETBYLAYER`. ಕಮಾಂಡ್ ಕೊಟ್ಟ ಮೇಲೆ ಮೊದ್ಲು ಅದರ `Settings` ತೆಗೆದು ಕಲರ್ ಒಂದಕ್ಕೆ ಟಿಕ್ ಬಿಟ್ಟು ಲೈನ್‌ಟೈಪ್, ಲೈನ್‌ವೇಟ್ ಎಲ್ಲ ತೆಗೀರಿ, ಇಲ್ದಿದ್ರೆ ನೀವು ಬೇಕಂತ ಕೊಟ್ಟಿರೋ ಚುಕ್ಕೆಗೆರೆ ಕೂಡ ಸಾದಾಗೆರೆ ಆಗಿಬಿಡುತ್ತೆ. ಆಮೇಲೆ ಫರ್ನಿಚರ್, ಕಾರು, ಗಿಡಗಳನ್ನ ಮಾತ್ರ ಸೆಲೆಕ್ಟ್ ಮಾಡಿ, ಬ್ಲಾಕ್‌ಗಳನ್ನೂ ಸೇರಿಸಲಾ ಅಂತ ಕೇಳಿದಾಗ ಹೌದು ಅನ್ನಿ. ಪೂರ್ತಿ ಡ್ರಾಯಿಂಗ್ ಸೆಲೆಕ್ಟ್ ಮಾಡಬೇಡಿ, ನೀವು ಕೈಯಾರೆ ಬಣ್ಣ ಕೊಟ್ಟಿರೋ ಗೆರೆಗಳೂ ಹೋಗ್ತಾವೆ. ಮಾಡೋ ಮುಂಚೆ ಫೈಲ್‌ನ ಒಂದು ಕಾಪಿ ಇಟ್ಕೊಂಡಿರಿ. ಇಷ್ಟಾದ ಮೇಲೂ ಬಣ್ಣ ಹೋಗ್ಲಿಲ್ಲ ಅಂದ್ರೆ ಆ ಲೇಯರ್‌ಗೇ ಟ್ರೂ ಕಲರ್ ಇದೆ ಅಂತ ಅರ್ಥ, ಬ್ಲಾಕ್ ಜೊತೆ ಅದರ ಲೇಯರ್‌ಗಳೂ ಬಂದು ಸೇರಿರ್ತಾವೆ, ಲೇಯರ್ ಪಟ್ಟಿಯಲ್ಲಿ ಮೂರು ನಂಬರ್ ಇರೋದನ್ನ ಹುಡುಕಿ ಒಂದು ಇಂಡೆಕ್ಸ್ ಬಣ್ಣ ಕೊಡಿ.

ದಪ್ಪದ ವಿಷಯಕ್ಕೆ ಬರೋಣ, ನನಗೆ ಇದೇ ಇಷ್ಟದ ಭಾಗ. ಮೊನೊಕ್ರೋಮ್ ಸಿಟಿಬಿ ಬಣ್ಣ ಮಾತ್ರ ತೀರ್ಮಾನ ಮಾಡುತ್ತೆ, ದಪ್ಪಕ್ಕೆ ಅದರಲ್ಲಿ `Use object lineweight` ಅಂತಿದೆ, ಅಂದ್ರೆ ನಿಮ್ಮ ಲೇಯರ್ ಏನು ಹೇಳುತ್ತೋ ಅದು. ನಿಮ್ಮ ಲೇಯರ್‌ಗಳಲ್ಲಿ ಲೈನ್‌ವೇಟ್ ಎಲ್ಲ `Default` ಅಂತಿರುತ್ತೆ, ಡೀಫಾಲ್ಟ್ ಅಂದ್ರೆ 0.25 ಮಿ.ಮೀ, ಅದಕ್ಕೆ ಗೋಡೆನೂ 0.25, ಡೈಮೆನ್ಷನ್ನೂ 0.25, ಹ್ಯಾಚೂ 0.25. ಸಿಟಿಬಿ ತಪ್ಪೇನಿಲ್ಲ, ನೀವು ಅದಕ್ಕೆ ಏನೂ ಹೇಳಿಲ್ಲ ಅಷ್ಟೇ.

ಎರಡು ದಾರಿ ಇದೆ. ಒಂದು, ಮೊನೊಕ್ರೋಮ್ ಹಂಗೇ ಇಟ್ಟು ಲೇಯರ್‌ಗೆ ಲೈನ್‌ವೇಟ್ ಕೊಡೋದು. ಇನ್ನೊಂದು, `STYLESMANAGER` ಕೊಟ್ರೆ ತೆರೆಯೋ ಫೋಲ್ಡರ್‌ನಲ್ಲಿ ಮೊನೊಕ್ರೋಮ್‌ನ ಕಾಪಿ ಮಾಡಿ, ಬೇರೆ ಹೆಸರಿಟ್ಟು, ಕೆಂಪಿಗೆ ಇಷ್ಟು ಹಳದಿಗೆ ಇಷ್ಟು ಅಂತ ಬಣ್ಣಕ್ಕೆ ದಪ್ಪ ಕಟ್ಟೋದು. ದೊಡ್ಡ ಆಫೀಸುಗಳಲ್ಲಿ ಎರಡನೇದೇ ನಡೆಯುತ್ತೆ, ಯಾಕಂದ್ರೆ ಎಲ್ಲರೂ ಅದೇ ಬಣ್ಣದ ಶಿಸ್ತು ಪಾಲಿಸ್ತಾರೆ, ಒಂದು ಸಿಟಿಬಿ ತಿದ್ದಿದ್ರೆ ನೂರು ಶೀಟ್ ಬದಲಾಗುತ್ತೆ. ನಿಮ್ಮಂಥ ಒಬ್ಬರೇ ಕೆಲಸ ಮಾಡೋರಿಗೆ ನಾನು ಮೊದಲನೇದನ್ನೇ ಹೇಳೋದು. ಲೇಯರ್ ಲೈನ್‌ವೇಟ್ ಡ್ರಾಯಿಂಗ್ ಫೈಲ್ ಒಳಗೇ ಹೋಗುತ್ತೆ, ಮೊನೊಕ್ರೋಮ್ ಎಲ್ಲ ಆಟೋಕ್ಯಾಡ್‌ನಲ್ಲೂ ಇರುತ್ತೆ, ಫೈಲ್ ಯಾರ ಕಂಪ್ಯೂಟರ್‌ಗೆ ಹೋದ್ರೂ ಒಂದೇ ತರ ಬರುತ್ತೆ. ಸ್ವಂತ ಸಿಟಿಬಿ ಮಾಡಿದ್ರೆ ಅದನ್ನ ಜೊತೆಗೆ ಕಳಿಸಬೇಕು, `ETRANSMIT` ಬಳಸಿದ್ರೆ ಅದೂ ಪ್ಯಾಕ್ ಆಗುತ್ತೆ, ಮರೆತ್ರೆ ಆ ಕಡೆಯವರಿಗೆ ಟೇಬಲ್ ಸಿಗದೆ ಪ್ಲಾನ್ ಬಣ್ಣಬಣ್ಣವಾಗಿ ಬರುತ್ತೆ, ಅದರಲ್ಲೂ ಹಳದಿ ಗೆರೆ ಬಿಳೀ ಪೇಪರ್ ಮೇಲೆ ಕಾಣೋದೇ ಇಲ್ಲ. ಎರಡನ್ನೂ ಬೆರೆಸೋದು ಮಾತ್ರ ಬೇಡ, ಸಿಟಿಬಿಯಲ್ಲಿ ದಪ್ಪ ಬರೆದಿದ್ರೆ ಲೇಯರ್‌ನಲ್ಲಿ ನೀವು ಏನೇ ಕೊಟ್ರೂ ಅದು ಕೇಳಲ್ಲ, ಆಮೇಲೆ ಯಾಕೆ ಬದಲಾಗ್ತಿಲ್ಲ ಅಂತ ಅರ್ಧ ದಿನ ಹೋಗುತ್ತೆ.

ಎಷ್ಟು ಕೊಡಬೇಕು ಅನ್ನೋದು ಸ್ಕೇಲ್ ಮೇಲೆ ಹೋಗುತ್ತೆ. 1:100ರಲ್ಲಿ ನಿಮ್ಮ ನಾಲ್ಕೂವರೆ ಇಂಚಿನ ಪಾರ್ಟಿಶನ್ ಗೋಡೆ ಪೇಪರ್ ಮೇಲೆ 1.14 ಮಿ.ಮೀ ಅಗಲ ಅಷ್ಟೇ. ಅದರ ಎರಡು ಗೆರೆಗೂ 0.70 ಕೊಟ್ರೆ ನಡುವೆ ಉಳಿಯೋ ಬಿಳಿ 0.44, ಒಂದು ಜೆರಾಕ್ಸ್ ಆದ್ಮೇಲೆ ಗೋಡೆ ಒಂದೇ ಕಪ್ಪು ಪಟ್ಟಿ. ಅದಕ್ಕೆ ಕಟ್ ಆಗೋ ಗೋಡೆಗೆ 0.35, ಬಾಗಿಲು ಕಿಟಕಿ ಮೆಟ್ಟಿಲಿಗೆ 0.25, ಡೈಮೆನ್ಷನ್ ಟೆಕ್ಸ್ಟ್ ಫರ್ನಿಚರ್‌ಗೆ 0.18, ಹ್ಯಾಚ್‌ಗೆ 0.13, ಇಷ್ಟರಲ್ಲಿ ನಿಲ್ಲಿಸಿ. ಅದೇ ಪ್ಲಾನ್ 1:50ಕ್ಕೆ ತೆಗೆದ್ರೆ ಗೋಡೆಗೆ 0.50 ಚೆನ್ನಾಗಿರುತ್ತೆ. 0.13ಕ್ಕಿಂತ ಕೆಳಗೆ ಹೋಗಬೇಡಿ, 600 ಡಿಪಿಐ ಲೇಸರ್ ಪ್ರಿಂಟರ್‌ನ ಒಂದು ಚುಕ್ಕೆ 0.042 ಮಿ.ಮೀ, ಅಂದ್ರೆ 0.13 ಬರೀ ಮೂರು ಚುಕ್ಕೆ, 0.09 ಎರಡೇ ಚುಕ್ಕೆ, ಅದರ ಜೆರಾಕ್ಸ್ ತೆಗೆದಾಗ ಅಲ್ಲಲ್ಲಿ ಗೆರೆ ಕಡಿದು ಹೋಗಿರುತ್ತೆ.

ಇದೆಲ್ಲ ಕೊಟ್ಟು ಪಿಡಿಎಫ್ ತೆಗೆದು ನೋಡಿದಾಗ ಮತ್ತೆ ಎಲ್ಲ ಒಂದೇ ದಪ್ಪ ಕಂಡ್ರೆ ಆಟೋಕ್ಯಾಡ್‌ಗೆ ವಾಪಸ್ ಓಡಬೇಡಿ. ಅಡೋಬಿ ರೀಡರ್‌ನ ಪ್ರಿಫರೆನ್ಸಸ್‌ನಲ್ಲಿ `Page Display` ಒಳಗೆ `Enhance thin lines` ಅಂತ ಒಂದು ಟಿಕ್ ಇದೆ, ಅದು ತೆಳು ಗೆರೆಗಳನ್ನ ಸ್ಕ್ರೀನ್ ಮೇಲೆ ದಪ್ಪ ಮಾಡಿ ತೋರಿಸುತ್ತೆ. ಟಿಕ್ ತೆಗೆದು ನೋಡಿ, ಇಲ್ಲಾ 400 ಪರ್ಸೆಂಟ್‌ಗೆ ಝೂಮ್ ಮಾಡಿ ನೋಡಿ.

ನಿಮ್ಮ ಫ್ರೆಂಡ್ ಹೇಳಿದ ಎಸ್‌ಟಿಬಿ ಕೆಟ್ಟದ್ದೇನಲ್ಲ. ಅದರಲ್ಲಿ ಬಣ್ಣಕ್ಕೆ ಬದಲು ಹೆಸರಿಟ್ಟ ಸ್ಟೈಲ್ ಇರುತ್ತೆ, ಅದನ್ನ ಲೇಯರ್‌ಗೆ ಹಚ್ತೀರಾ, ಲೇಯರ್ ಯಾವ ಬಣ್ಣದಲ್ಲಿದ್ರೂ ಪ್ರಿಂಟ್ ಆ ಸ್ಟೈಲ್ ಪ್ರಕಾರ, ಟ್ರೂ ಕಲರ್ ಇದ್ರೂ ಕಪ್ಪು ಅಂದ್ರೆ ಕಪ್ಪು. ಆದ್ರೆ ಒಂದು ಡ್ರಾಯಿಂಗ್ ಸಿಟಿಬಿ ಜಾತಿ ಆಗಿರುತ್ತೆ ಇಲ್ಲಾ ಎಸ್‌ಟಿಬಿ ಜಾತಿ, ಎರಡೂ ಆಗಲ್ಲ. `PSTYLEMODE` ಟೈಪ್ ಮಾಡಿ, 1 ಬಂದ್ರೆ ಸಿಟಿಬಿ, 0 ಬಂದ್ರೆ ಎಸ್‌ಟಿಬಿ. ನಿಮ್ಮದು 1, ಅದಕ್ಕೇ ಪ್ಲಾಟ್ ಡೈಲಾಗ್‌ನಲ್ಲಿ ನಿಮಗೆ ಎಸ್‌ಟಿಬಿ ಕಾಣೋದೇ ಇಲ್ಲ. `CONVERTPSTYLES` ನಿಂದ ಬದಲಾಯಿಸಬಹುದು, ಆದ್ರೆ ಇಲ್ಲಿ ನೀವು ಕೆಲಸ ಹಂಚಿಕೊಳ್ಳೋ ಸ್ಟ್ರಕ್ಚರಲ್ ಇಂಜಿನಿಯರ್, ಪ್ರಿಂಟ್ ಅಂಗಡಿ ಎಲ್ಲರೂ ಸಿಟಿಬಿಯಲ್ಲೇ ಇರ್ತಾರೆ, ನಿಮ್ಮ ಫೈಲ್ ತೆಗೆದೋರಿಗೆ ಅವರ ಸಿಟಿಬಿ ಹಚ್ಚೋಕೆ ಆಗಲ್ಲ. ನಾಲ್ಕು ಸೋಫಾಗೋಸ್ಕರ ಅಷ್ಟು ದೂರ ಹೋಗೋದು ಬೇಡ.

ಪಿಡಿಎಫ್ ಕ್ಲೀನಾಗಿರಬೇಕು ಅಂದ್ರೆ ಇನ್ನೆರಡು ಸಣ್ಣ ಕೆಲಸ. `romans.shx` ತರದ ಎಸ್‌ಎಚ್‌ಎಕ್ಸ್ ಫಾಂಟ್ ಬಳಸಿದ್ರೆ ಪಿಡಿಎಫ್‌ನಲ್ಲಿ ಪ್ರತಿ ಟೆಕ್ಸ್ಟ್ ಮೇಲೂ ಕಾಮೆಂಟ್ ಡಬ್ಬಿ ಕಾಣುತ್ತೆ, `PDFSHX` ಅನ್ನೋದನ್ನ 0 ಮಾಡಿ ತೆಗೀರಿ, ಹೋಗುತ್ತೆ, ಆದ್ರೆ ಆ ಟೆಕ್ಸ್ಟ್ ಪಿಡಿಎಫ್‌ನಲ್ಲಿ ಹುಡುಕೋಕೆ ಸಿಗಲ್ಲ. 2016ರ ಆವೃತ್ತಿ ಇದ್ರೆ ಅದರ ಹೆಸರು `EPDFSHX`. ಮಾಲೀಕರ ಹೆಸರು ಕನ್ನಡದಲ್ಲಿ ಹಾಕಿದ್ರೆ ಪ್ಲಾಟರ್‌ನ `PDF Options` ನಲ್ಲಿ `Capture fonts used in the drawing` ಟಿಕ್ ಇದೆಯಾ ನೋಡಿ, ಇಲ್ದಿದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೆಸರು ಏನೇನೋ ಚಿಹ್ನೆ ಆಗಿ ಕಾಣುತ್ತೆ.

ಮೇಸ್ತ್ರಿ ಕೈಲಿರೋ ಸೆಟ್ ಬಗ್ಗೆ ತುಂಬಾ ಹೆದರಬೇಡಿ. ಅದರಲ್ಲಿ ಬರೆದಿರೋ ಡೈಮೆನ್ಷನ್ ನಂಬರ್‌ಗಳೆಲ್ಲ ಸರಿನೇ ಇದೆ, ಅವು ಮಾಡೆಲ್‌ನಿಂದ ಬಂದಿರೋದು, ವ್ಯೂಪೋರ್ಟ್ ಸ್ಕೇಲ್ ಬದಲಾದ್ರೂ ಅವು ಬದಲಾಗಲ್ಲ. ಮೇಸ್ತ್ರಿ ಟೇಪು ಹಿಡಿದು ನಂಬರ್ ಓದಿ ಮಾರ್ಕ್ ಮಾಡಿದ್ರೆ ಏನೂ ತೊಂದ್ರೆ ಇಲ್ಲ. ಆದ್ರೆ ಪ್ಲಾನ್‌ನಲ್ಲಿ ಡೈಮೆನ್ಷನ್ ಬರೆಯದೇ ಬಿಟ್ಟಿರೋ ಜಾಗ ಇರುತ್ತಲ್ಲ, ಪ್ಲಂಬಿಂಗ್ ಡಕ್ಟು, ಲಾಫ್ಟು, ಗೇಟಿನ ಜಾಗ, ಅಲ್ಲಿ ಅವರು ಸ್ಕೇಲ್ ಇಟ್ಟು ಅಳೆದೇ ಅಳೀತಾರೆ. ಹಾಗಾಗಿ ಇವತ್ತೇ ಫೋನ್ ಮಾಡಿ, "ಮೇಸ್ತ್ರಿಗಳೇ, ಪಟ್ಟಿ ಇಟ್ಟು ಏನೂ ಅಳೀಬೇಡಿ, ಬರೆದಿರೋ ನಂಬರ್ ಮಾತ್ರ ನೋಡಿ, ಹೊಸ ಶೀಟ್ ತರ್ತೀನಿ" ಅಂತ ಹೇಳಿ. ಹೊಸದರಲ್ಲಿ ಟೈಟಲ್ ಬ್ಲಾಕ್ ಹತ್ರ ರಿವಿಷನ್ ತಾರೀಕು ಹಾಕಿ, ಕೊಡೋವಾಗ ಹಳೇ ಶೀಟ್ ವಾಪಸ್ ಇಸ್ಕೊಳ್ಳಿ. ಅಷ್ಟರಲ್ಲಿ ಸೈಟಲ್ಲಿ ಅಳೆದು ಏನಾದ್ರೂ ಮಾರ್ಕ್ ಮಾಡಿದ್ರೆ ಆ ಜಾಗಗಳನ್ನ ಮಾತ್ರ ನಿಂತು ಒಂದ್ಸಲ ಟೇಪ್ ಹಿಡಿದು ನೋಡಿ ಬನ್ನಿ.